ಎಂಟು ವರ್ಷದ ನಂತರ ಮದುವೆ: ದುಡ್ಡನ್ನು ಜೂಜಿಗೆ ಒಡ್ಡದೆ ಕೂಡಿಸುವ ಲೆಕ್ಕ

ತಂಗಿಗೆ ಈಗ 18 ವರ್ಷ. ಓದು ಮುಗಿದು, ಒಂದೆರಡು ವರ್ಷ ಕೆಲಸ ಮಾಡಿ, 26ರ ಹೊತ್ತಿಗೆ ಮದುವೆ ಅಂತ ಮನೆಯಲ್ಲಿ ಮಾತು. ಖರ್ಚಿನ ದೊಡ್ಡ ಪಾಲು ದುಡಿಯುತ್ತಿರುವ ಅಣ್ಣನದು. ಅವನು ನಾಲ್ಕು ಜನರನ್ನು ಕೇಳಿದರೆ ನಾಲ್ಕು ಉತ್ತರ ಬರುತ್ತದೆ. ಎಂಟು ವರ್ಷ ಅಂದ್ರೆ ಲಾಂಗ್ ಟರ್ಮ್, ಎಲ್ಲವನ್ನೂ ಷೇರಿಗೆ ಹಾಕು ಅಂತ ಒಬ್ಬರು. ಚೀಟಿ ಕಟ್ಟು ಅಂತ ಇನ್ನೊಬ್ಬರು. ಈಗಲೇ ಒಡವೆ ಮಾಡಿಸಿಡು ಅಂತ ಮತ್ತೊಬ್ಬರು. ಮಗಳ ಮದುವೆಗೆ ಕೂಡಿಸುತ್ತಿರುವ ಅಪ್ಪ ಅಮ್ಮನಿಗೂ ಇದೇ ಗೊಂದಲ.

ಈ ದುಡ್ಡಿಗೆ ಒಂದು ವಿಶೇಷ ಗುಣ ಇದೆ. ಇದು ಬೇಕಾಗುವ ದಿನ ಹೆಚ್ಚುಕಡಿಮೆ ಗೊತ್ತಿದೆ, ಆ ದಿನ ಇಲ್ಲ ಅನ್ನುವ ಹಾಗಿಲ್ಲ. ನಿವೃತ್ತಿಯ ದುಡ್ಡಾದರೆ ಮಾರುಕಟ್ಟೆ ಬಿದ್ದಾಗ ಎರಡು ವರ್ಷ ಕಾಯಬಹುದು. ಗೊತ್ತಾದ ಮುಹೂರ್ತವನ್ನು ಷೇರು ಪೇಟೆಗಾಗಿ ಮುಂದೂಡಲು ಆಗುವುದಿಲ್ಲ ಅಲ್ವಾ? ಹಾಗಾಗಿ ಯಾವುದರಲ್ಲಿ ಲಾಭ ಜಾಸ್ತಿ ಎಂದು ಕೇಳುವ ಮೊದಲು, ನಮಗೆ ಎಷ್ಟು ಲಾಭ ಬೇಕೇಬೇಕು ಎಂದು ಲೆಕ್ಕ ಹಾಕಬೇಕು. ಆ ಲೆಕ್ಕದ ಉತ್ತರ ತುಂಬಾ ಜನ ಅಂದುಕೊಂಡಿದ್ದಕ್ಕಿಂತ ಬೇರೆ ಬರುತ್ತದೆ.

## ಖರ್ಚನ್ನು ಎರಡು ಗಂಟು ಮಾಡಿ

ಮದುವೆ ಖರ್ಚಲ್ಲಿ ಎರಡು ಜಾತಿ ಇದೆ. ಛತ್ರ, ಊಟ, ಬಟ್ಟೆ, ಫೋಟೋ, ಓಡಾಟ, ಒಡವೆಯ ಮೇಕಿಂಗ್ ಚಾರ್ಜ್, ಇವೆಲ್ಲ ರೂಪಾಯಿಯಲ್ಲಿ ಲೆಕ್ಕ. ಚಿನ್ನ ಗ್ರಾಂನಲ್ಲಿ ಲೆಕ್ಕ. ಎರಡನ್ನೂ ಸೇರಿಸಿ ಒಂದೇ ಮೊತ್ತ ಬರೆದರೆ ಅಲ್ಲೇ ಎಡವಟ್ಟು ಶುರು. ಊಟದ ದರ ಏರುವ ರೀತಿಗೂ ಚಿನ್ನದ ದರ ಏರುವ ರೀತಿಗೂ ಸಂಬಂಧವೇ ಇಲ್ಲ.

ನಮ್ಮ ಉದಾಹರಣೆಯ ಅಣ್ಣನ ಪಟ್ಟಿ ಹೀಗಿದೆ ಅಂದುಕೊಳ್ಳೋಣ: ಇವತ್ತಿನ ದರದಲ್ಲಿ 10 ಲಕ್ಷ ರೂಪಾಯಿ, ಜೊತೆಗೆ 40 ಗ್ರಾಂ ಚಿನ್ನ. ಮೊದಲು ರೂಪಾಯಿಯ ಗಂಟನ್ನು ನೋಡೋಣ, ಚಿನ್ನಕ್ಕೆ ಆಮೇಲೆ ಬರೋಣ.

ಇವತ್ತು 10 ಲಕ್ಷಕ್ಕೆ ಆಗುವ ಕೆಲಸ ಎಂಟು ವರ್ಷದ ನಂತರ 10 ಲಕ್ಷಕ್ಕೆ ಆಗುವುದಿಲ್ಲ. ಈ ಬೆಲೆ ಏರಿಕೆಗೆ ಹಣದುಬ್ಬರ ಅನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಗುರಿ ಶೇ 4, ಅದು ಶೇ 2ರಿಂದ 6ರ ಒಳಗೆ ಇರಬೇಕು. ಆದರೆ ಅದು ದೇಶದ ಎಲ್ಲ ಸಾಮಾನು ಸೇವೆಗಳ ಸರಾಸರಿ. ಮದುವೆಯಲ್ಲಿ ಜನರ ಕೂಲಿಯ ಪಾಲು ದೊಡ್ಡದು, ಮನೆಯವರ ಆಸೆಯೂ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಅದಕ್ಕೇ ಸ್ವಲ್ಪ ಕೈ ಬಿಗಿ ಮಾಡಿ ಶೇ 7 ಹಿಡಿಯುವುದು ಒಳ್ಳೆಯದು. ಪ್ರತಿ ವರ್ಷ ಹಿಂದಿನ ವರ್ಷದ ಮೊತ್ತದ ಮೇಲೆ ಶೇ 7 ಏರಿದರೆ ಎಂಟು ವರ್ಷಕ್ಕೆ 10 ಲಕ್ಷ ಸುಮಾರು 17.2 ಲಕ್ಷ ಆಗುತ್ತದೆ. ಅಣ್ಣನ ಗುರಿ ಇದು, 10 ಲಕ್ಷ ಅಲ್ಲ.

## ಎಂಟು ವರ್ಷ ಅಂದರೂ ದುಡ್ಡಿಗೆ ಸಿಗುವುದು ನಾಲ್ಕೇ ವರ್ಷ

ಇಡೀ ಲೆಕ್ಕದ ಜೀವ ಇಲ್ಲಿದೆ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ತಿಂಗಳು ತಿಂಗಳು ಕಂತು ಕಟ್ಟುವವನ ಮೊದಲ ಕಂತು ಮಾತ್ರ ಎಂಟು ವರ್ಷ ದುಡಿಯುತ್ತದೆ. ನಾಲ್ಕನೇ ವರ್ಷದ ಕೊನೆಯ ಕಂತಿಗೆ ಉಳಿದಿರುವುದು ನಾಲ್ಕೇ ವರ್ಷ. ಕೊನೆಯ ಕಂತು ದುಡಿಯುವುದೇ ಇಲ್ಲ, ಬಂದ ಹಾಗೇ ಛತ್ರಕ್ಕೆ ಹೋಗುತ್ತದೆ. ಒಟ್ಟು 96 ಕಂತುಗಳ ಸರಾಸರಿ ತೆಗೆದರೆ ಒಂದೊಂದು ರೂಪಾಯಿ ದುಡಿಯುವುದು ಬರೀ ನಾಲ್ಕು ವರ್ಷ. ಲಾಂಗ್ ಟರ್ಮ್ ಎಂಬ ಮಾತು ಮೊದಲ ಕೆಲವು ಕಂತುಗಳಿಗೆ ಸರಿ, ಇಡೀ ಗಂಟಿಗೆ ಅಲ್ಲ.

ಇದರ ಪರಿಣಾಮ ಏನು ನೋಡಿ. 17.2 ಲಕ್ಷ ಕೂಡಿಸಲು ತಿಂಗಳಿಗೆ ಎಷ್ಟು ಕಟ್ಟಬೇಕು? ವರ್ಷಕ್ಕೆ ಶೇ 6 ಬಂದರೆ ಸುಮಾರು 14,100 ರೂಪಾಯಿ. ಶೇ 12 ಬಂದರೆ ಸುಮಾರು 11,060. ಲಾಭದ ದರ ಎರಡು ಪಟ್ಟಾದರೂ ಕಂತಿನಲ್ಲಿ ಉಳಿಯುವುದು 3,000 ರೂಪಾಯಿ ಚಿಲ್ಲರೆ, ಅಷ್ಟೇ. ಶೇ 12 ಬಂದೇ ಬರುತ್ತದೆ ಎಂದು ಯಾರೂ ಬರೆದುಕೊಡುವುದಿಲ್ಲ. ಶೇ 6 ಆಸುಪಾಸು ಬ್ಯಾಂಕು, ಅಂಚೆ ಕಚೇರಿಯಲ್ಲಿ ಸಿಗುತ್ತದೆ.

ನಿಮ್ಮ ಮೊತ್ತಕ್ಕೆ ಲೆಕ್ಕ ಹಾಕಬೇಕಾದರೆ ಎಕ್ಸೆಲ್ ಅಥವಾ ಗೂಗಲ್ ಶೀಟ್‌ನಲ್ಲಿ ಈ ಸಾಲು ಸಾಕು:

```
=PMT(1.06^(1/12)-1, 96, 0, -1720000)
```

1.06 ಅಂದರೆ ಶೇ 6 ಬಡ್ಡಿ. 96 ಅಂದರೆ ತಿಂಗಳುಗಳು. ಕೊನೆಯದು ಗುರಿ, ಅದರ ಮುಂದೆ ಮೈನಸ್ ಇರಬೇಕು. ಬಡ್ಡಿ ಹಾಕುವಾಗ ತೆರಿಗೆ ಕಳೆದು ಉಳಿಯುವ ದರವನ್ನು ಹಾಕಿ. ಆರ್‌ಡಿ ಅಂದರೆ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಠೇವಣಿ. ಅದರ ಬಡ್ಡಿಯನ್ನು ನಿಮ್ಮ ಆದಾಯಕ್ಕೆ ಸೇರಿಸಿ ತೆರಿಗೆ ಹಾಕುತ್ತಾರೆ, ಬಡ್ಡಿ ಕೈಗೆ ಬರದಿದ್ದರೂ ವರ್ಷ ವರ್ಷವೇ ಹಾಕುತ್ತಾರೆ. ಜಾಸ್ತಿ ತೆರಿಗೆ ಕಟ್ಟುವವರು 1.05 ಹಾಕಿ ನೋಡಿ, ಕಂತು ಸುಮಾರು 14,700 ಬರುತ್ತದೆ. ಅಲ್ಲೂ ಏರಿದ್ದು 600 ರೂಪಾಯಿ ಅಷ್ಟೇ.

## ಸಂಬಳದ ಜೊತೆ ಕಂತೂ ಏರಲಿ

ಇವತ್ತೇ ತಿಂಗಳಿಗೆ 14,100 ಎತ್ತಿಡಲು ಎಲ್ಲರಿಗೂ ಆಗುವುದಿಲ್ಲ. ಆಗ ಜನ ಷೇರಿನ ಕಡೆ ನೋಡುತ್ತಾರೆ: ಕಂತು ಕಡಿಮೆ ಇದೆ, ಲಾಭ ಜಾಸ್ತಿ ಬರಲಿ ಅಂತ. ಗಂಡಾಂತರ ಶುರುವಾಗುವುದು ಈ ಜಾಗದಲ್ಲಿ. ಇದಕ್ಕೆ ಇನ್ನೊಂದು ದಾರಿ ಇದೆ.

ಅಣ್ಣ ಮೊದಲ ವರ್ಷ ತಿಂಗಳಿಗೆ 11,600 ಕಟ್ಟಲಿ. ಸಂಬಳ ಏರಿದಾಗ ಪ್ರತಿ ವರ್ಷ ಕಂತನ್ನೂ ಶೇ 6 ಏರಿಸಲಿ. ಎರಡನೇ ವರ್ಷ ಸುಮಾರು 12,300, ಮೂರನೇ ವರ್ಷ ಸುಮಾರು 13,000, ಎಂಟನೇ ವರ್ಷ ಸುಮಾರು 17,450. ಬಡ್ಡಿ ಶೇ 6 ಇದ್ದರೂ ಎಂಟು ವರ್ಷದ ಕೊನೆಗೆ 17.2 ಲಕ್ಷ ಆಗುತ್ತದೆ. ಕಂತು ಏರಿಸದೆ ಬರೀ 11,600 ಕಟ್ಟುತ್ತಾ ಹೋಗಿದ್ದರೆ ಅದೇ ಗುರಿಗೆ ವರ್ಷಕ್ಕೆ ಶೇ 10ಕ್ಕಿಂತ ಜಾಸ್ತಿ ಲಾಭ ಬೇಕಿತ್ತು. ಷೇರು ಪೇಟೆಯಿಂದ ನಾವು ನಿರೀಕ್ಷಿಸುವ ಕೆಲಸವನ್ನು ಇಲ್ಲಿ ಸಂಬಳದ ಏರಿಕೆಯೇ ಮಾಡಿತು. ಇದು ಬಿಟ್ಟಿ ಅಲ್ಲ, ಕೈಯಿಂದ ಹೋಗುವ ದುಡ್ಡು ಜಾಸ್ತಿಯೇ. ಆದರೆ ಆ ದುಡ್ಡು ಸಂಬಳ ಏರಿದ ಮೇಲೆ ಹೋಗುತ್ತದೆ, ಮತ್ತು ಫಲ ಮಾರುಕಟ್ಟೆಯ ಮೂಡಿನ ಮೇಲೆ ನಿಂತಿಲ್ಲ.

## ಆರ್‌ಡಿಗಳನ್ನು ಜೋಡಿಸುವ ಬಗೆ

ಆರ್‌ಡಿ ಅಂದರೆ ತಿಂಗಳು ತಿಂಗಳು ಒಂದೇ ಮೊತ್ತ ಕಟ್ಟುವ ಠೇವಣಿ. ಸಾಮಾನ್ಯ ಆರ್‌ಡಿಯಲ್ಲಿ ಕಂತನ್ನು ನಡುವೆ ಏರಿಸಲು ಬರುವುದಿಲ್ಲ. ಹಾಗಾಗಿ ಹಳೆಯದನ್ನು ಮುಟ್ಟದೆ ಪ್ರತಿ ವರ್ಷ ಏರಿಕೆಯಷ್ಟಕ್ಕೇ ಒಂದು ಹೊಸ ಸಣ್ಣ ಆರ್‌ಡಿ ತೆರೆಯಿರಿ. ಮೊದಲನೆಯದು 11,600ಕ್ಕೆ 96 ತಿಂಗಳು. ಮುಂದಿನ ವರ್ಷ 700 ರೂಪಾಯಿಗೆ 84 ತಿಂಗಳು. ಅದರ ಮುಂದಿನ ವರ್ಷ 740ಕ್ಕೆ 72 ತಿಂಗಳು. ಹೀಗೆ ಎಲ್ಲವೂ ಒಂದೇ ತಿಂಗಳಲ್ಲಿ ಕೈಗೆ ಬರುವ ಹಾಗೆ.

ಬ್ಯಾಂಕುಗಳಲ್ಲಿ 10 ವರ್ಷದವರೆಗೆ ಆರ್‌ಡಿ ಸಿಗುತ್ತದೆ. ತೆರೆದ ದಿನದ ಬಡ್ಡಿ ದರವೇ ಕೊನೆಯವರೆಗೂ ನಡೆಯುತ್ತದೆ. ಆಮೇಲೆ ದರ ಇಳಿದರೆ ದೊಡ್ಡ ಆರ್‌ಡಿಗೆ ಏನೂ ಆಗುವುದಿಲ್ಲ, ಹೊಸ ಸಣ್ಣವುಗಳಿಗೆ ಮಾತ್ರ ಕಡಿಮೆ ಬಡ್ಡಿ. ಅಂಚೆ ಕಚೇರಿಯ ಆರ್‌ಡಿ 5 ವರ್ಷದ್ದು. ಅದು ಮುಗಿದ ಮೇಲೆ ಬಂದ ಮೊತ್ತವನ್ನು ಅಲ್ಲೇ 3 ವರ್ಷದ ಠೇವಣಿಗೆ ಹಾಕಿ, ಉಳಿದ ಮೂರು ವರ್ಷದ ಕಂತಿಗೆ ಬ್ಯಾಂಕ್ ಆರ್‌ಡಿ ತೆರೆದರೆ ಸರಿಹೋಗುತ್ತದೆ.

ಬ್ಯಾಂಕ್ ಠೇವಣಿಗೆ ಇರುವ ವಿಮೆಯ ಮಿತಿ ನೆನಪಿರಲಿ. ಬ್ಯಾಂಕ್ ಮುಳುಗಿದರೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ ಠೇವಣಿ ವಿಮೆ ಸಿಗುತ್ತದೆ. 2020ರ ಫೆಬ್ರುವರಿಗೆ ಮೊದಲು ಅದು 1 ಲಕ್ಷ ಇತ್ತು. ಅದೇ ಬ್ಯಾಂಕಿನ ಎರಡು ಶಾಖೆಗಳಲ್ಲಿ ಇಟ್ಟರೂ ಒಟ್ಟು 5 ಲಕ್ಷವೇ. 17 ಲಕ್ಷದ ಗಂಟನ್ನು ಎರಡು ಮೂರು ಬ್ಯಾಂಕು ಮತ್ತು ಅಂಚೆ ಕಚೇರಿಗೆ ಹಂಚುವುದು ಈ ಕಾರಣಕ್ಕೆ. ಒಂದು ಸಣ್ಣ ಸಹಕಾರಿ ಸಂಘ ಶೇ 2 ಜಾಸ್ತಿ ಬಡ್ಡಿ ಕೊಡುತ್ತೇವೆ ಅಂದರೆ, ಅಲ್ಲಿಗೆ ಈ ವಿಮೆ ಇದೆಯಾ ಎಂದು ಮೊದಲು ಕೇಳಿ. ಸಾಲ ಕೊಡುವ ಸಹಕಾರ ಸಂಘಗಳಿಗೆ ಅದು ಇರುವುದಿಲ್ಲ, ಸಹಕಾರಿ ಬ್ಯಾಂಕುಗಳಿಗೆ ಇರುತ್ತದೆ. ಹೆಸರಿನಲ್ಲಿ ಸಣ್ಣ ವ್ಯತ್ಯಾಸ, ಕಷ್ಟ ಬಂದ ದಿನ ದೊಡ್ಡ ವ್ಯತ್ಯಾಸ.

ಎಲ್ಲ ಆರ್‌ಡಿಗಳೂ ಮುಗಿಯುವ ದಿನವನ್ನು ಮದುವೆ ದಿನಕ್ಕೆ ಇಡಬೇಡಿ. ಛತ್ರಕ್ಕೆ ಮುಂಗಡ, ಅಡುಗೆಯವರಿಗೆ ಮುಂಗಡ, ಸೀರೆ, ಒಡವೆ ಎಲ್ಲವೂ ಆರೇಳು ತಿಂಗಳ ಮೊದಲೇ ಶುರುವಾಗುತ್ತವೆ. ನಿಮ್ಮ ನಿಜವಾದ ಗಡುವು ಅದು.

## ಚಿನ್ನಕ್ಕೆ ಗುರಿ ಗ್ರಾಂನಲ್ಲಿ

ಈಗ 40 ಗ್ರಾಂ ಚಿನ್ನದ ಮಾತು. ಇದಕ್ಕೆ ರೂಪಾಯಿಯಲ್ಲಿ ಕೂಡಿಸುತ್ತಾ ಹೋದರೆ ನೀವು ಗೊತ್ತಿಲ್ಲದೆ ಪಂದ್ಯ ಕಟ್ಟಿದ ಹಾಗೆ: ಎಂಟು ವರ್ಷದಲ್ಲಿ ಚಿನ್ನ ನನ್ನ ಬಡ್ಡಿಗಿಂತ ಜಾಸ್ತಿ ಏರುವುದಿಲ್ಲ ಅಂತ. ಏರಿದರೆ ಸೋತಿರಿ. ಬೇಕಾಗಿರುವುದೇ ಚಿನ್ನ ಆದರೆ ಚಿನ್ನದಲ್ಲೇ ಕೂಡಿಸಿ. ಆಗ ದರ ಏರಿದರೆ ನಿಮ್ಮ ಉಳಿತಾಯವೂ ಏರುತ್ತದೆ. ದರ ಬಿದ್ದರೆ ಉಳಿತಾಯ ಇಳಿಯುತ್ತದೆ, ಆದರೆ ಕೊಳ್ಳಬೇಕಾದ ಒಡವೆಯೂ ಅಷ್ಟೇ ಅಗ್ಗವಾಗುತ್ತದೆ. ಎರಡೂ ಕಡೆ ನಿಮಗೆ ಸಿಗುವುದು ಅದೇ ಗ್ರಾಂ.

40 ಗ್ರಾಂ ಅಂದರೆ ವರ್ಷಕ್ಕೆ 5 ಗ್ರಾಂ. ಒಡವೆಯನ್ನೇ ಈಗ ಮಾಡಿಸಿಡುವುದು ಅಷ್ಟು ಸರಿಯಲ್ಲ, ಯಾಕೆಂದರೆ ಎಂಟು ವರ್ಷದ ನಂತರ ತಂಗಿಗೆ ಆ ಡಿಸೈನ್ ಹಿಡಿಸದಿದ್ದರೆ ಮೇಕಿಂಗ್ ಚಾರ್ಜು, ವೇಸ್ಟೇಜು ಎರಡೂ ಹೋದ ಹಾಗೆ. ಗೋಲ್ಡ್ ಇಟಿಎಫ್ ಅಥವಾ ಅದರಲ್ಲಿ ಹಣ ಹೂಡುವ ಗೋಲ್ಡ್ ಫಂಡ್ ಈ ಕೆಲಸಕ್ಕೆ ಹೊಂದುತ್ತದೆ. ಇವು ಶುದ್ಧ ಚಿನ್ನವನ್ನು ಕೊಂಡು ಇಡುವ ಮ್ಯೂಚುವಲ್ ಫಂಡ್‌ಗಳು, ಬೆಲೆ ಚಿನ್ನದ ಹಿಂದೆಯೇ ಹೋಗುತ್ತದೆ. ಇಟಿಎಫ್‌ಗೆ ಡಿಮ್ಯಾಟ್ ಖಾತೆ ಬೇಕು, ಗೋಲ್ಡ್ ಫಂಡ್‌ಗೆ ಬೇಡ. ಸರ್ಕಾರದ ಚಿನ್ನದ ಬಾಂಡ್ ಎಂಟೇ ವರ್ಷದ್ದಾಗಿತ್ತು, ಇಂಥ ಗುರಿಗೆ ಹೇಳಿ ಮಾಡಿಸಿದ ಹಾಗಿತ್ತು. ಆದರೆ 2024ರ ಫೆಬ್ರುವರಿಯ ನಂತರ ಹೊಸದಾಗಿ ಬಿಟ್ಟಿಲ್ಲ.

ಮಾರುವಾಗ ಗೋಲ್ಡ್ ಫಂಡಿನ ಲಾಭಕ್ಕೆ ತೆರಿಗೆ ಇದೆ, ಒಡವೆ ಕೊಳ್ಳುವಾಗ ಚಿನ್ನದ ಮೇಲೆ ಶೇ 3 ಜಿಎಸ್‌ಟಿ ಇದೆ. ಹಾಗಾಗಿ ವರ್ಷಕ್ಕೆ 5ರ ಬದಲು ಐದೂವರೆ ಗ್ರಾಂ ಲೆಕ್ಕದಲ್ಲಿ ಕೂಡಿಸಿ. ವರ್ಷದ ಕೊನೆಗೆ ಫಂಡಿನ ಮೌಲ್ಯವನ್ನು ಅವತ್ತಿನ ಗ್ರಾಂ ದರದಿಂದ ಭಾಗಿಸಿ ನೋಡಿ, ಎಷ್ಟು ಗ್ರಾಂ ಆಯಿತು ಗೊತ್ತಾಗುತ್ತದೆ. ದರ ವಿಪರೀತ ಏರಿದ ವರ್ಷ ಐದೂವರೆ ಗ್ರಾಂ ಕೈಗೆ ಎಟುಕದೆ ಹೋಗಬಹುದು. ಆಗ ಸಾಲ ಮಾಡಬೇಡಿ, ಗ್ರಾಂ ಇಳಿಸಿ. 40ರ ಬದಲು 34 ಗ್ರಾಂ ಆದರೆ ಯಾರ ಮದುವೆಯೂ ನಿಲ್ಲುವುದಿಲ್ಲ.

## ಷೇರು ಬೇಡವೇ ಬೇಡವಾ?

ಬೇಡ ಅಂತಲ್ಲ. ಅದರ ಜಾಗ ಯಾವುದು ಎಂದು ತಿಳಿದಿರಬೇಕು.

ಅಣ್ಣ ತಿಂಗಳಿಗೆ 14,000 ರೂಪಾಯಿಯನ್ನು ಪೂರ್ತಿ ಷೇರು ಫಂಡಿಗೆ ಹಾಕಿದ ಅಂದುಕೊಳ್ಳಿ. ವರ್ಷಕ್ಕೆ ಶೇ 10 ಲಾಭ ಬಂದು ಎಂಟು ವರ್ಷಕ್ಕೆ ಸುಮಾರು 20 ಲಕ್ಷ ಆಯಿತು. ಗುರಿ ದಾಟಿತು. ಆದರೆ ದುಡ್ಡು ತೆಗೆಯುವ ತಿಂಗಳ ಮೊದಲು ಮಾರುಕಟ್ಟೆ ಶೇ 40 ಬಿದ್ದರೆ ಉಳಿಯುವುದು 12 ಲಕ್ಷ. ಅವನು ಕೈಯಿಂದ ಕಟ್ಟಿದ್ದೇ 13.44 ಲಕ್ಷ. ಇದು ಬರೀ ಹೆದರಿಸುವ ಮಾತಲ್ಲ. 2020ರಲ್ಲಿ ಸೆನ್ಸೆಕ್ಸ್ ಜನವರಿಯ 42,000ದಿಂದ ಮಾರ್ಚ್ 23ಕ್ಕೆ 26,000ದ ಕೆಳಗೆ ಇಳಿಯಿತು, ಎರಡೇ ತಿಂಗಳಲ್ಲಿ. ಆಗ ಬೇಗ ಚೇತರಿಸಿಕೊಂಡಿತು. 2008ರ ಜನವರಿಯಲ್ಲಿ 21,000 ಮುಟ್ಟಿದ್ದು ಮಾತ್ರ 2009ರ ಮಾರ್ಚ್ ಹೊತ್ತಿಗೆ 8,000ದ ಆಸುಪಾಸಿನಲ್ಲಿತ್ತು, ಮತ್ತೆ 21,000 ನೋಡಲು 2010ರ ಕೊನೆಯವರೆಗೆ ಕಾಯಬೇಕಾಯಿತು.

ಎರಡನೇ ವರ್ಷದಲ್ಲಿ ಮಾರುಕಟ್ಟೆ ಬಿದ್ದರೆ ಪೆಟ್ಟು ತಿನ್ನುವುದು ಸಣ್ಣ ಗಂಟು, ಮುಂದಿನ ಕಂತುಗಳು ಅಗ್ಗದಲ್ಲಿ ಕೊಳ್ಳುತ್ತವೆ. ಎಂಟನೇ ವರ್ಷದಲ್ಲಿ ಬಿದ್ದರೆ ಅದು ಕೊಯ್ಲಿಗೆ ಬಂದ ಬೆಳೆಯ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಎಂಟು ವರ್ಷದ ಎಲ್ಲ ಕಂತೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ, ಸರಿಮಾಡಲು ಸಮಯವೂ ಇಲ್ಲ.

ಅದಕ್ಕೇ ನನ್ನ ಸಲಹೆ: ಬೇಕೇಬೇಕಾದ 17.2 ಲಕ್ಷ ಆರ್‌ಡಿಯಿಂದಲೇ ಬರಲಿ. ಅದರ ಮೇಲೆ ತಿಂಗಳಿಗೆ ಒಂದೆರಡು ಸಾವಿರ ಉಳಿದರೆ ಅದು ಇಂಡೆಕ್ಸ್ ಫಂಡಿಗೆ ಹೋಗಲಿ. ನಿಫ್ಟಿ 50ರಂಥ ಪಟ್ಟಿಯ ಎಲ್ಲ ಕಂಪನಿಗಳ ಷೇರನ್ನೂ ಅದೇ ಪ್ರಮಾಣದಲ್ಲಿ ಕೊಂಡು ಸುಮ್ನೆ ಇಟ್ಟುಕೊಳ್ಳುವ ಫಂಡ್ ಅದು. ಚೆನ್ನಾಗಿ ಬೆಳೆದರೆ ಸ್ವಲ್ಪ ದೊಡ್ಡ ಛತ್ರ, ಅಥವಾ ಬೆಲೆ ಏರಿಕೆ ಶೇ 7ನ್ನು ದಾಟಿದರೆ ಅದಕ್ಕೊಂದು ಆಸರೆ. ಬಿದ್ದರೆ ಮದುವೆಗೆ ಏನೂ ತೊಂದರೆ ಇಲ್ಲ.

ಹೊರಗೆ ಬರುವ ದಿನವನ್ನು ಮೊದಲೇ ಬರೆದಿಡಿ. ಐದನೇ ವರ್ಷ ಮುಗಿದ ಮೇಲೆ ಇಂಡೆಕ್ಸ್ ಫಂಡಿಗೆ ಹೊಸ ಕಂತು ನಿಲ್ಲಿಸಿ. ಮುಂದಿನ ಎರಡು ವರ್ಷ, ಮೂರು ತಿಂಗಳಿಗೊಮ್ಮೆ, ಎಂಟು ಪಾಲಾಗಿ ತೆಗೆದು ಠೇವಣಿಗೆ ಹಾಕಿ. ಆಗ ಮದುವೆಗೆ ಒಂದು ವರ್ಷ ಇರುವಾಗ ಷೇರಿನಲ್ಲಿ ಏನೂ ಉಳಿದಿರುವುದಿಲ್ಲ. ಒಂದು ವರ್ಷ ದಾಟಿದ ಷೇರು ಫಂಡಿನ ಲಾಭದಲ್ಲಿ ಒಂದು ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲಿನದಕ್ಕೆ ಶೇ 12.5. ಎರಡು ಮೂರು ವರ್ಷಗಳಲ್ಲಿ ಹಂಚಿ ತೆಗೆದರೆ ಈ ವಿನಾಯಿತಿ ಅಷ್ಟು ಸಲ ಸಿಗುತ್ತದೆ. ಈಗ ಮಾರುಕಟ್ಟೆ ಜೋರಾಗಿದೆ, ಇನ್ನೊಂದಾರು ತಿಂಗಳು ಬಿಡೋಣ ಎಂಬ ಮಾತು ಮನೆಯಲ್ಲಿ ಬಂದಾಗ ಬರೆದಿಟ್ಟ ದಿನವನ್ನೇ ಪಾಲಿಸಿ.

## ಉಳಿದ ದಾರಿಗಳ ಬಗ್ಗೆ ಎರಡೆರಡು ಮಾತು

ಪಿಪಿಎಫ್ 15 ವರ್ಷದ್ದು. ಇವತ್ತು ಹೊಸದಾಗಿ ತೆರೆದರೆ ಎಂಟನೇ ವರ್ಷದಲ್ಲಿ ಒಂದು ಭಾಗ ಮಾತ್ರ ತೆಗೆಯಬಹುದು. ಏಳು ವರ್ಷ ಹಳೆಯ ಖಾತೆ ಇದ್ದರೆ ಅದು ಮದುವೆಯ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆ, ಬಡ್ಡಿಗೆ ತೆರಿಗೆಯೂ ಇಲ್ಲ. ಅಲ್ಲಿಗೆ ಹಾಕಿ.

ಸುಕನ್ಯಾ ಸಮೃದ್ಧಿ ಖಾತೆಯನ್ನು 10 ವರ್ಷದೊಳಗಿನ ಹೆಣ್ಣುಮಗುವಿಗೆ ಮಾತ್ರ, ಅದೂ ಹೆತ್ತವರು ಅಥವಾ ಕಾನೂನಿನ ಪ್ರಕಾರ ಪೋಷಕರಾದವರು ತೆರೆಯಬಹುದು. ಮಗಳ ಹೆಸರಿನಲ್ಲಿ ಹಿಂದೆಯೇ ತೆರೆದಿದ್ದರೆ, 18 ತುಂಬಿದ ಮೇಲೆ ಮದುವೆಗೆಂದು ಅದನ್ನು ಮುಚ್ಚಿ ದುಡ್ಡು ಪಡೆಯಬಹುದು. 18ರ ತಂಗಿಗೆ ಈಗ ಹೊಸದಾಗಿ ತೆರೆಯಲು ಬರುವುದಿಲ್ಲ.

ಡೆಟ್ ಫಂಡ್ ಅಂದರೆ ಸಾಲಪತ್ರಗಳಲ್ಲಿ ಹಾಕುವ ಮ್ಯೂಚುವಲ್ ಫಂಡ್. ಠೇವಣಿಯಷ್ಟೇ ಗಟ್ಟಿ ಎಂದು ಮಾರುತ್ತಾರೆ. ಆದರೆ 2020ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಸಂಸ್ಥೆ ಇಂಥ ಆರು ಫಂಡ್‌ಗಳನ್ನು ಏಕಾಏಕಿ ಮುಚ್ಚಿತು, ಹೂಡಿದವರು ದುಡ್ಡಿಗಾಗಿ ತಿಂಗಳುಗಟ್ಟಲೆ ಕಾದರು. ದುಡ್ಡು ಕೊನೆಗೆ ಬಂದರೂ ಮುಹೂರ್ತ ಕಾಯುವುದಿಲ್ಲ.

ಚೀಟಿಯ ಮಾತು ಬಂದರೆ ಅದು 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿ ಆಗಿದೆಯಾ ಎಂದು ನೋಡಿ. ಪರಿಚಯದವರು ನಡೆಸುವ ಕೈಚೀಟಿಗೆ ಮದುವೆ ದುಡ್ಡು ಬೇಡ. ಅವರು ಒಳ್ಳೆಯವರೇ ಇರಬಹುದು, ಆದರೆ ಸದಸ್ಯರಲ್ಲಿ ನಾಲ್ವರು ಚೀಟಿ ಎತ್ತಿ ಕಂತು ನಿಲ್ಲಿಸಿದರೆ ಅವರ ಕೈಯಲ್ಲೂ ಏನೂ ಇರುವುದಿಲ್ಲ.

## ವರ್ಷಕ್ಕೊಮ್ಮೆ ನೋಡಬೇಕಾದ್ದು

ಏರುವ ಕಂತಿನ ಲೆಕ್ಕದಲ್ಲಿ ಅಣ್ಣನ ಗಂಟು ಎರಡನೇ ವರ್ಷದ ಕೊನೆಗೆ ಸುಮಾರು 3 ಲಕ್ಷ, ನಾಲ್ಕನೇ ವರ್ಷಕ್ಕೆ 6.8 ಲಕ್ಷ, ಆರನೇ ವರ್ಷಕ್ಕೆ ಸುಮಾರು 11.5 ಲಕ್ಷ ಇರಬೇಕು. ಅರ್ಧ ದಾರಿಯಲ್ಲಿ ಅರ್ಧ ದುಡ್ಡು ಇಲ್ಲ ಎಂದು ಗಾಬರಿ ಬೇಡ, ದೊಡ್ಡ ಕಂತುಗಳು ಇನ್ನೂ ಬಾಕಿ ಇವೆ.

ವರ್ಷಕ್ಕೊಂದು ಸಲ ನಿಮ್ಮ ಊರಿನ ಛತ್ರ ಮತ್ತು ಅಡುಗೆಯವರ ದರ ವಿಚಾರಿಸಿ ಪಟ್ಟಿಯನ್ನು ಹೊಸ ದರದಲ್ಲಿ ಬರೆಯಿರಿ. ಎರಡು ವರ್ಷದ ನಂತರ ಪಟ್ಟಿ 11.5 ಲಕ್ಷದ ಸುತ್ತ ಇದ್ದರೆ ಶೇ 7ರ ಅಂದಾಜು ಸರಿ ಇದೆ. 12.5 ಲಕ್ಷ ಆಗಿದ್ದರೆ ಬೆಲೆ ನಿಮಗಿಂತ ಬೇಗ ಓಡುತ್ತಿದೆ, ಆ ವರ್ಷ ಕಂತನ್ನು ಶೇ 6ರ ಬದಲು 10 ಏರಿಸಿ ಅಥವಾ ಪಟ್ಟಿಯಲ್ಲಿ ಏನಾದರೂ ಬಿಡಿ. ಮೂರನೇ ವರ್ಷದಲ್ಲೇ ಗೊತ್ತಾದ ಕೊರತೆ ಸಣ್ಣದು.

ಸಂಬಂಧ ಬೇಗ ಕೂಡಿಬಂದು ಆರನೇ ವರ್ಷದಲ್ಲೇ ಮದುವೆ ಆಗಬಹುದು. ಆರ್‌ಡಿಯನ್ನು ಅವಧಿಗೆ ಮೊದಲೇ ಮುರಿದರೆ ಬಡ್ಡಿಯಲ್ಲಿ ಸ್ವಲ್ಪ ಕಡಿತವಾಗುತ್ತದೆ, ಅಸಲಿಗೆ ಕೈ ಹಾಕುವುದಿಲ್ಲ. ಆಗ ಕೈಯಲ್ಲಿ ಸುಮಾರು 11.5 ಲಕ್ಷ ಇರುತ್ತದೆ. ಆದರೆ ಬೆಲೆಯೂ ಆರೇ ವರ್ಷ ಏರಿರುತ್ತದೆ, ಹಾಗಾಗಿ ಪಟ್ಟಿಯ ಮೊತ್ತ 17 ಅಲ್ಲ, ಸುಮಾರು 15 ಲಕ್ಷ. ತುಂಬಬೇಕಾದ ಕಂದಕ ಮೂರೂವರೆ ಲಕ್ಷ.

ಇದಕ್ಕಿಂತ ದೊಡ್ಡ ಅಪಾಯ ಕಂತು ಕಟ್ಟುವವನೇ ಇಲ್ಲವಾಗುವುದು. ಈ ಇಡೀ ಯೋಜನೆ ನಿಂತಿರುವುದು ಅವನ ಸಂಬಳದ ಮೇಲೆ. ಅಣ್ಣನಿಗೆ ಒಂದು ಟರ್ಮ್ ಇನ್ಶೂರೆನ್ಸ್ ಇರಬೇಕು, ಅಂದರೆ ಬರೀ ಸಾವಿಗೆ ರಕ್ಷಣೆ ಕೊಡುವ, ಉಳಿತಾಯ ಬೆರೆಸದ ವಿಮೆ. ಆರ್‌ಡಿ ಮತ್ತು ಫಂಡ್‌ಗಳಿಗೆ ನಾಮಿನಿ ಹೆಸರು ಬರೆಸಿರಬೇಕು. ಯಾವ ಬ್ಯಾಂಕಿನಲ್ಲಿ ಏನಿದೆ ಎಂಬ ಒಂದು ಪುಟದ ಪಟ್ಟಿ ಮನೆಯಲ್ಲಿ ಇನ್ನೊಬ್ಬರ ಕೈಗೂ ಸಿಗುವ ಹಾಗೆ ಇರಬೇಕು. ನಾಮಿನಿಯನ್ನು ಅಣ್ಣನ ಮದುವೆ ಆದ ಮೇಲೆ ಮತ್ತೊಮ್ಮೆ ನೋಡಿಕೊಳ್ಳಬೇಕು. ನಾಮಿನಿ ದುಡ್ಡನ್ನು ಪಡೆಯುವವರು ಮಾತ್ರ, ಹಕ್ಕು ಕಾನೂನಿನ ವಾರಸುದಾರರದ್ದು. ಗಂಟು ತಂಗಿಗೇ ಸೇರಬೇಕೆಂದಿದ್ದರೆ ಅಣ್ಣ ಒಂದು ಉಯಿಲು ಬರೆದಿಡಬೇಕು.